ಪುಟದ ಫೋಟೊವನ್ನು ಚಾಟ್ ಟೂಲಿಗೆ ಹಾಕಿದಾಗ ಏನಾಗುತ್ತದೆ? ಗ್ರಂಥಾಲಯಕ್ಕೆ ಬಂದ ಒಂದು ಪತ್ರದ ನೆಪದಲ್ಲಿ

ನಾನು ಕಾಲೇಜೊಂದರ ಗ್ರಂಥಪಾಲಕ. ನನ್ನ ಮೇಜಿಗೆ ಬರುವ ಪತ್ರಗಳೆಲ್ಲ ಸಾಮಾನ್ಯವಾಗಿ ಪುಸ್ತಕ ತರಿಸಿಕೊಡಿ, ದಂಡ ಮನ್ನಾ ಮಾಡಿ ಎನ್ನುವಂಥವು. ಕಳೆದ ವಾರ ಅರ್ಥಶಾಸ್ತ್ರದ ಉಪನ್ಯಾಸಕಿಯೊಬ್ಬರಿಂದ ಬಂದ ಪತ್ರ ಮಾತ್ರ ಬೇರೆಯದೇ ಕೇಳಿತ್ತು. ಅದರ ಮುಖ್ಯ ಭಾಗ ಹೀಗಿದೆ:

> ಮಾನ್ಯ ಗ್ರಂಥಪಾಲಕರೇ, ನಮ್ಮ ವಿದ್ಯಾರ್ಥಿಗಳು ಪುಸ್ತಕ ನೋಡಿ ಟಿಪ್ಪಣಿ ಬರೆದುಕೊಳ್ಳುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದಾರೆ. ನಿಮ್ಮ ಓದುವ ಕೋಣೆಯಲ್ಲೇ ಪುಟದ ಫೋಟೊ ತೆಗೆದು, ಚಾಟ್ ಟೂಲಿಗೆ ಹಾಕಿ, ಅದು ಟೈಪ್ ಮಾಡಿ ಕೊಟ್ಟದ್ದನ್ನು ಅಸೈನ್‌ಮೆಂಟಿಗೆ ಅಂಟಿಸುತ್ತಾರೆ. ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಈ ಸಲ ಒಂದೇ ಪುಸ್ತಕದ ಒಂದೇ ಪುಟದ ಕೋಷ್ಟಕ ನಾಲ್ಕು ಬಗೆಯಾಗಿ ನನ್ನ ಕೈಸೇರಿದೆ. ಓದಿದರೆ ನಾಲ್ಕೂ ಸರಿಯಾಗಿಯೇ ಕಾಣುತ್ತವೆ! ಚಿತ್ರ ಹಾಕುವುದು ಹೇಗೆ, ಹಾಕಿದಾಗ ಒಳಗೆ ಏನಾಗುತ್ತದೆ ಎಂದು ತೋರಿಸುವ ಒಂದು ಗಂಟೆಯ ಪ್ರಾತ್ಯಕ್ಷಿಕೆಯನ್ನು ತಾವು ಏರ್ಪಡಿಸಬಹುದೇ? ತರಗತಿಯಲ್ಲಿ ನಾನೇ ಮಾಡಬಹುದಿತ್ತು. ಆದರೆ ಫೋಟೊ ತೆಗೆಯುವ ಜಾಗ ನಿಮ್ಮದು, ಮೂಲ ಪುಸ್ತಕವೂ ನಿಮ್ಮಲ್ಲೇ ಕೈಗೆಟುಕುತ್ತದೆ.

"ನಾಲ್ಕೂ ಸರಿಯಾಗಿಯೇ ಕಾಣುತ್ತವೆ" ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪ್ರಾತ್ಯಕ್ಷಿಕೆಗೆ ಒಪ್ಪುವ ಮೊದಲು ನಾನೇ ಎರಡು ಸಂಜೆ ಕೂತು ಪ್ರಯೋಗ ಮಾಡಿ ನೋಡಿದೆ. ಅಲ್ಲಿ ಕಂಡದ್ದನ್ನು, ಅದಕ್ಕೆ ಕಾರಣಗಳನ್ನು ಮೊದಲಿನಿಂದ ಹೇಳುತ್ತೇನೆ.

## ಅಪ್‌ಲೋಡ್ ಎಂದರೆ ಚಿತ್ರ ತೋರಿಸುವುದಲ್ಲ, ಕಳಿಸುವುದು

ಚಾಟ್ ಟೂಲ್ ಎಂದರೆ ನಾವು ಟೈಪ್ ಮಾಡಿದ್ದಕ್ಕೆ ವಾಕ್ಯಗಳಲ್ಲಿ ಉತ್ತರ ಕೊಡುವ ತಂತ್ರಾಂಶ. ಮೊದಮೊದಲು ಇವು ಬರಹವನ್ನಷ್ಟೇ ತೆಗೆದುಕೊಳ್ಳುತ್ತಿದ್ದವು. ಸಾಮಾನ್ಯ ಬಳಕೆದಾರರಿಗೆ ಚಿತ್ರ ಹಾಕುವ ಅನುಕೂಲ ಬಂದದ್ದು 2023ರಲ್ಲಿ. ಈಗ ಟೈಪ್ ಮಾಡುವ ಜಾಗದ ಪಕ್ಕದಲ್ಲಿ ಒಂದು ಕೂಡಿಸು ಚಿಹ್ನೆಯೋ ಪೇಪರ್ ಕ್ಲಿಪ್ಪಿನ ಚಿತ್ರವೋ ಇರುತ್ತದೆ. ಅದನ್ನು ಒತ್ತಿ ಫೋಟೊ ಆರಿಸಿ, ಏನು ಬೇಕೆಂದು ಬರೆದು ಕಳಿಸಿದರೆ ಮುಗಿಯಿತು. ಅದನ್ನು ಕಲಿಸಲು ಒಂದು ಗಂಟೆ ಬೇಕಿಲ್ಲ, ಒಂದು ನಿಮಿಷ ಸಾಕು.

ಕಳಿಸಿದ ಮೇಲೆ ನಡೆಯುವುದು ಬೇರೆಯೇ ಕಥೆ. ಫೋಟೊ ನಮ್ಮ ಫೋನಿನಲ್ಲೇ ಉಳಿದು ಟೂಲ್ ಅದನ್ನು ಬಂದು ನೋಡಿಹೋಗುವುದಿಲ್ಲ. ಫೋಟೊದ ಒಂದು ಪ್ರತಿ ಇಂಟರ್‌ನೆಟ್ ಮೂಲಕ ಬೇರೆಲ್ಲೋ ಇರುವ ಕಂಪ್ಯೂಟರಿಗೆ ಹೋಗುತ್ತದೆ. ಅಂಚೆಯಲ್ಲಿ ಪ್ಯಾಕೆಟ್ ಕಳಿಸಿದ ಹಾಗೆ ಎಂದುಕೊಳ್ಳಿ. ಈ ಅಂಚೆಯವರಿಗೆ ಒಂದು ಅಭ್ಯಾಸ ಇದೆ. ಪ್ಯಾಕೆಟ್ ದೊಡ್ಡದಾಗಿದ್ದರೆ ಒತ್ತಿ ಮಡಚಿ ಸಣ್ಣದು ಮಾಡುತ್ತಾರೆ. ಪ್ಯಾಕೆಟ್ಟಿನ ಒಡೆಯನಿಗೆ ಅದು ಗೊತ್ತೂ ಆಗುವುದಿಲ್ಲ.

## ದಾರಿಯಲ್ಲಿ ಚಿತ್ರ ಕುಗ್ಗುತ್ತದೆ

ಡಿಜಿಟಲ್ ಫೋಟೊ ಎಂದರೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎನ್ನುತ್ತಾರೆ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ ಉದ್ದಕ್ಕೆ ಸುಮಾರು 4000, ಅಗಲಕ್ಕೆ ಸುಮಾರು 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು.

ಈ ಎಲ್ಲ ಚುಕ್ಕೆಗಳೂ ಚಾಟ್ ಟೂಲಿನ ಒಳಗಿನವರೆಗೆ ಹೋಗುವುದಿಲ್ಲ. ಲೆಕ್ಕಾಚಾರದ ಹೊರೆ ತಗ್ಗಿಸಲು ಇಂಥ ಅನೇಕ ಟೂಲುಗಳು ಚಿತ್ರದ ಉದ್ದದ ಬದಿಯನ್ನು ಒಂದು ಮಿತಿಗೆ ಇಳಿಸುತ್ತವೆ. ಮಿತಿ ಟೂಲಿನಿಂದ ಟೂಲಿಗೆ, ಆವೃತ್ತಿಯಿಂದ ಆವೃತ್ತಿಗೆ ಬೇರೆಯಾದರೂ 1500ರಿಂದ 2000 ಪಿಕ್ಸೆಲ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ ಸಾಕು.

ಅದಕ್ಕೂ ಮೊದಲೇ ಇನ್ನೊಂದು ಕುಗ್ಗುವಿಕೆ ನಡೆದಿರಬಹುದು. ತರಗತಿಯಲ್ಲಿ ಒಬ್ಬ ಫೋಟೊ ತೆಗೆಯುತ್ತಾನೆ, ಉಳಿದವರು "ನಂಗೂ ಕಳಿಸೋ" ಎನ್ನುತ್ತಾರೆ, ಫೋಟೊ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮಾತ್ರ ಇದ್ದ ಹಾಗೇ ಹೋಗುತ್ತದೆ. ಗುಂಪಿನಿಂದ ಇಳಿಸಿಕೊಂಡ ಫೋಟೊವನ್ನೇ ಮತ್ತೊಬ್ಬರಿಗೆ ಕಳಿಸಿದಾಗ ಪ್ರತಿ ಸಲವೂ ಅದರ ನವಿರು ಒಂದಿಷ್ಟು ಸವೆಯುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಮೂಲ ಫೋಟೊ ಹಾಕಿದವನಿಗೂ ಗುಂಪಿನ ಪ್ರತಿ ಹಾಕಿದವಳಿಗೂ ಬೇರೆ ಬೇರೆ ಉತ್ತರ ಬರಲು ಇಷ್ಟೇ ಸಾಕು.

## ಕುಗ್ಗಿದಾಗ ಕನ್ನಡದ ಅಕ್ಷರಕ್ಕೆ ಏನಾಗುತ್ತದೆ

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಪುಸ್ತಕ ಬಿಡಿಸಿ ಎರಡೂ ಪುಟ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದಿದ್ದೀರಿ. ಪುಸ್ತಕದ ಸುತ್ತ ಒಂದಿಷ್ಟು ಮೇಜೂ ಸೇರಿ ಫೋಟೊದಲ್ಲಿ 36 ಸೆಂಟಿಮೀಟರ್ ಅಗಲದ ಜಾಗ ಬಂದಿದೆ. ಆ ಅಗಲಕ್ಕೆ 4000 ಪಿಕ್ಸೆಲ್ ಎಂದರೆ ಒಂದು ಸೆಂಟಿಮೀಟರಿಗೆ ಸುಮಾರು 111. ಪುಸ್ತಕದ ಅಕ್ಷರ 2 ಮಿಲಿಮೀಟರ್ ಎತ್ತರ ಇದ್ದರೆ ಅದರ ಪಾಲಿಗೆ 22 ಪಿಕ್ಸೆಲ್. ಧಾರಾಳವಾಯಿತು.

ಈಗ ಅದೇ ಫೋಟೊ 1600 ಪಿಕ್ಸೆಲ್ ಅಗಲಕ್ಕೆ ಕುಗ್ಗಿತು ಎನ್ನಿ. ಸೆಂಟಿಮೀಟರಿಗೆ ಉಳಿಯುವುದು 44. ಅಕ್ಷರದ ಎತ್ತರಕ್ಕೆ 9 ಪಿಕ್ಸೆಲ್. ಒತ್ತಕ್ಷರ ಮೂಲದ ಅರ್ಧದಷ್ಟಿದ್ದರೆ ಅದಕ್ಕೆ ಬರೀ ನಾಲ್ಕೈದು.

ಕನ್ನಡ ಓದುವವರಿಗೆ ಇದರ ಪರಿಣಾಮ ಬೇಗ ಹೊಳೆಯುತ್ತದೆ. ನಮ್ಮ ಲಿಪಿಯಲ್ಲಿ ಅರ್ಥ ಎಷ್ಟೋ ಸಲ ಒಂದು ಚಿಕ್ಕ ಗೀಟಿನ ಮೇಲೆ ನಿಂತಿರುತ್ತದೆ. "ದನ" ಮತ್ತು "ಧನ" ನಡುವಿನ ವ್ಯತ್ಯಾಸ ಮೊದಲ ಅಕ್ಷರದ ಬುಡದಲ್ಲಿರುವ ಒಂದು ಸೀಳು. ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ ಜೋಡಿಗಳದ್ದೂ ಅದೇ ಕಥೆ. ರ ಮತ್ತು ಠ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ, ಪ ಮತ್ತು ಷ ನಡುವೆ ಒಳಗಿನ ಒಂದು ಗೆರೆ. ಅಚ್ಚಿನಲ್ಲಿ ಆ ಸೀಳು 0.3 ಮಿಲಿಮೀಟರ್ ಇದ್ದರೆ, ಕುಗ್ಗಿದ ಫೋಟೊದಲ್ಲಿ ಅದರ ಪಾಲು ಒಂದೂ ಕಾಲು ಪಿಕ್ಸೆಲ್ಲಿಗಿಂತ ತುಸು ಹೆಚ್ಚು, ಅಷ್ಟೇ. ಕೈ ಸ್ವಲ್ಪ ನಡುಗಿದರೂ, ಹಾಳೆ ನಡುವೆ ಬಾಗಿದ್ದರೂ ಅದು ಪಕ್ಕದ ಚುಕ್ಕೆಗಳಲ್ಲಿ ಕರಗಿ ಹೋಗುತ್ತದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಧನ ಹೋಗಿ ದನ ಬಂದರೆ ನಗಬಹುದು, ಸಿಕ್ಕಿಬೀಳುತ್ತದೆ. ಅಂಕಿಯ ವಿಷಯದಲ್ಲಿ ಆ ಸೌಲಭ್ಯ ಇಲ್ಲ. 8ರ ಎಡಗಡೆಯ ಎರಡು ಬಾಗು ಮಸುಕಾದರೆ 3 ಆಗುತ್ತದೆ, 3 ಕೂಡ ಒಂದು ಅಂಕಿಯೇ.

## ಯಂತ್ರ ನೋಡುವ ಬಗೆ: ಚೌಕ, ಚೀಟಿ

ಕುಗ್ಗಿದ ಚಿತ್ರವನ್ನು ಟೂಲ್ ಹೇಗೆ ನೋಡುತ್ತದೆ? ಬಹಳ ಮಟ್ಟಿಗೆ ಈಗ ರೂಢಿಯಲ್ಲಿರುವ ವಿಧಾನದಲ್ಲಿ ಚಿತ್ರವನ್ನು ಒಂದೇ ಅಳತೆಯ ಚಿಕ್ಕ ಚೌಕಗಳಾಗಿ ಕತ್ತರಿಸಲಾಗುತ್ತದೆ. 2020ರಲ್ಲಿ ಈ ದಾರಿಯನ್ನು ಜನಪ್ರಿಯಗೊಳಿಸಿದ ಸಂಶೋಧನಾ ಪ್ರಬಂಧದಲ್ಲಿ 224 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚಿತ್ರವನ್ನು 16 ಪಿಕ್ಸೆಲ್ಲಿನ ಚೌಕಗಳಾಗಿ ಒಡೆಯುತ್ತಿದ್ದರು. ಸಾಲಿಗೆ 14ರಂತೆ 14 ಸಾಲು, ಒಟ್ಟು 196 ಚೌಕ. ಇಂದಿನ ಟೂಲುಗಳು ಇದಕ್ಕಿಂತ ಎಷ್ಟೋ ಹೆಚ್ಚು ಚೌಕಗಳನ್ನು ನಿಭಾಯಿಸುತ್ತವೆ, ತತ್ವ ಮಾತ್ರ ಅದೇ.

ಪ್ರತಿ ಚೌಕದ ಮುಂದೆ ಒಬ್ಬ ಗುಮಾಸ್ತ ಕೂತಿದ್ದಾನೆ ಎಂದು ಭಾವಿಸಿ. ಅವನು ತನ್ನ ಚೌಕದಲ್ಲಿ ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಾನೆ. ಚೀಟಿಯಲ್ಲಿ ಇರುವುದು ಪದಗಳಲ್ಲ, ಅಂಕಿಗಳ ಒಂದು ಪಟ್ಟಿ. ಒಳಗೆ ಕೂತ ಮುಖ್ಯ ಗುಮಾಸ್ತ ಮೂಲ ಪುಟವನ್ನು ಕಣ್ಣಾರೆ ಕಾಣುವುದೇ ಇಲ್ಲ. ಎಲ್ಲ ಚೀಟಿಗಳನ್ನೂ ನಾವು ಟೈಪ್ ಮಾಡಿದ ಮಾತನ್ನೂ ಜೊತೆಗಿಟ್ಟುಕೊಂಡು, ಇದಾದ ಮೇಲೆ ಯಾವ ಪದ ಬಂದೀತು ಎಂದು ಒಂದೊಂದಾಗಿ ಬರೆಯುತ್ತಾ ಹೋಗುತ್ತಾನೆ. ಗುಮಾಸ್ತನ ಹೋಲಿಕೆ ಪೂರ್ತಿ ನಿಖರವಲ್ಲ, ಚೌಕಗಳು ನಡುವೆ ಒಂದರ ಮಾಹಿತಿ ಇನ್ನೊಂದಕ್ಕೆ ಹಂಚಿಕೊಳ್ಳುತ್ತವೆ. ಆದರೂ ಮುಖ್ಯ ಸಂಗತಿ ಇದರಿಂದ ತಿಳಿಯುತ್ತದೆ. ಚೀಟಿಯಲ್ಲಿ ಬಾರದ ವಿವರವನ್ನು ಆಮೇಲೆ ಯಾರೂ ಮರಳಿ ತರಲಾರರು.

ಕೋಷ್ಟಕದಲ್ಲಿ ಇನ್ನೊಂದು ಎಡವಟ್ಟೂ ಇಲ್ಲೇ ಹುಟ್ಟುತ್ತದೆ. ಗೆರೆ ಹಾಕದ ಕೋಷ್ಟಕದಲ್ಲಿ ಯಾವ ಅಂಕಿ ಯಾವ ಸಾಲಿಗೆ ಸೇರಿದ್ದು ಎಂಬುದು ಖಾಲಿ ಜಾಗದಿಂದಷ್ಟೇ ಗೊತ್ತಾಗಬೇಕು. ನಡುವೆ ಒಂದು ಮನೆ ಖಾಲಿ ಇದ್ದರೆ ಕೆಳಗಿನ ಅಂಕಿಗಳು ಒಂದೊಂದು ಮನೆ ಮೇಲೆ ಜರುಗಿಬಿಡುವುದುಂಟು. ಅಂಗಿಯ ಮೊದಲ ಗುಂಡಿ ತಪ್ಪಿದರೆ ಉಳಿದವೆಲ್ಲ ತಪ್ಪುವಂತೆ. ಅಂಕಿಗಳೆಲ್ಲ ಸರಿ, ಅವು ಕೂತಿರುವ ಜಾಗ ತಪ್ಪು.

## ತಪ್ಪು ಏಕೆ ತಪ್ಪಿನ ಹಾಗೆ ಕಾಣುವುದಿಲ್ಲ

ಉಪನ್ಯಾಸಕಿಯವರ ಪ್ರಶ್ನೆಯ ತಿರುಳು ಇದು. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ ಹೊಸದಲ್ಲ, ಓಸಿಆರ್ ಎಂಬ ಹೆಸರಿನಲ್ಲಿ ದಶಕಗಳಿಂದ ಇದೆ. ಹಳೆಯ ಓಸಿಆರ್ ಒಂದೊಂದು ಅಕ್ಷರದ ಆಕಾರ ನೋಡಿ ಗುರುತಿಸಲು ಹೊರಡುತ್ತಿತ್ತು. ಗುರುತಿಸಲಾಗದೆ ಹೋದರೆ ಅಲ್ಲೊಂದು ಶೇಕಡಾ ಚಿಹ್ನೆ, ಇಲ್ಲೊಂದು ಅರ್ಥವಿಲ್ಲದ ಅಕ್ಷರ ಉದುರುತ್ತಿತ್ತು. ನೋಡಲು ಅಸಹ್ಯ, ಆದರೆ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಹೊಡೆಯುತ್ತಿತ್ತು.

ಚಾಟ್ ಟೂಲ್ ಹಾಗಲ್ಲ. ಅದು ಅಪಾರ ಬರಹ ಓದಿ, ಯಾವ ಪದದ ಮುಂದೆ ಯಾವುದು ಬರುವುದು ರೂಢಿ ಎಂದು ಕಲಿತಿದೆ. ಚೀಟಿ ಸ್ಪಷ್ಟವಾಗಿದ್ದಾಗ ಚೀಟಿಯ ಮಾತೇ ನಡೆಯುತ್ತದೆ. ಚೀಟಿ ಮಸುಕಾದಷ್ಟೂ ರೂಢಿಯ ಮಾತು ಮೇಲುಗೈ ಪಡೆಯುತ್ತದೆ. ಆಗ ಬರುವ ಪದ ವ್ಯಾಕರಣಕ್ಕೂ ಸರಿ, ಸಂದರ್ಭಕ್ಕೂ ಸರಿ, ಪುಸ್ತಕದಲ್ಲಿ ಮಾತ್ರ ಇಲ್ಲ.

ಇದನ್ನು ಬೇರ್ಪಡಿಸಿ ನೋಡಲು ಒಂದು ಉಪಾಯ ಮಾಡಿದೆ. ಹತ್ತು ವಾಕ್ಯದ ಒಂದು ಪುಟ ನಾನೇ ಟೈಪ್ ಮಾಡಿದೆ. ನಡುವೆ ಬೇಕೆಂದೇ ಒಂದು ಗಾದೆಯನ್ನು ತಿರುಚಿ "ಕೈ ಮೊಸರಾದರೆ ಬಾಯಿ ಕೆಸರು" ಎಂದು ಬರೆದೆ. ಇನ್ನೊಂದು ಕಡೆ "ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ" ಎಂದು ಸೇರಿಸಿದೆ. ಅಚ್ಚು ಹಾಕಿ ಎರಡು ಬಗೆಯಲ್ಲಿ ಫೋಟೊ ತೆಗೆದೆ. ಒಂದು ಹತ್ತಿರದಿಂದ, ಹಗಲು ಬೆಳಕಿನಲ್ಲಿ. ಇನ್ನೊಂದು ದೂರದಿಂದ, ಸುತ್ತಲ ಮೇಜೂ ಸೇರಿ, ಅದನ್ನು ಮೆಸೇಜಿನಲ್ಲಿ ಕಳಿಸಿಕೊಂಡು ಕುಗ್ಗಿಸಿದ್ದು. ಎರಡಕ್ಕೂ ಒಂದೇ ಸೂಚನೆ: ಪುಟದಲ್ಲಿ ಇರುವುದನ್ನು ಇದ್ದ ಹಾಗೆ ಟೈಪ್ ಮಾಡಬೇಕು.

ಹತ್ತಿರದ ಫೋಟೊದಿಂದ ಬಂದ ಬರಹದಲ್ಲಿ ಎರಡೂ ವಾಕ್ಯ ನಾನು ತಿರುಚಿದಂತೆಯೇ ಇದ್ದವು. ದೂರದ ಫೋಟೊದಿಂದ ಬಂದದ್ದರಲ್ಲಿ ಗಾದೆ ನೆಟ್ಟಗಾಗಿತ್ತು, ಕೈ ಕೆಸರಾಗಿ ಬಾಯಿ ಮೊಸರಾಗಿತ್ತು. ಸೂರ್ಯನೂ ಪೂರ್ವಕ್ಕೆ ಮರಳಿದ್ದ. ಉಳಿದ ಎಂಟು ವಾಕ್ಯ ಹೆಚ್ಚುಕಡಿಮೆ ಸರಿ. ಅಂದರೆ ಆ ಎಂಟರಲ್ಲಿ ಎಷ್ಟನ್ನು ಟೂಲ್ ಓದಿತ್ತು, ಎಷ್ಟನ್ನು ಊಹಿಸಿತ್ತು ಎಂದು ಫಲಿತಾಂಶ ನೋಡಿ ಹೇಳಲು ನನಗೆ ದಾರಿಯೇ ಇರಲಿಲ್ಲ. ಎಲ್ಲ ಟೂಲಿನಲ್ಲೂ ಎಲ್ಲ ಸಲವೂ ಹೀಗೇ ಆಗಬೇಕೆಂದಿಲ್ಲ, ಫೋಟೊದ ಮಸುಕು ತುಸು ಹೆಚ್ಚುಕಡಿಮೆಯಾದರೆ ಫಲ ಬದಲಾಗುತ್ತದೆ. ಆದರೆ ಊಹೆ ಯಾವ ದಿಕ್ಕಿಗೆ ಜಾರುತ್ತದೆ ಎಂದು ತೋರಿಸಲು ಇದಕ್ಕಿಂತ ಸುಲಭದ ಪ್ರಯೋಗ ನನಗೆ ಹೊಳೆದಿಲ್ಲ.

"ಓದಲಾಗದ ಕಡೆ ಊಹಿಸಬೇಡ, ಪ್ರಶ್ನಾರ್ಥಕ ಚಿಹ್ನೆ ಹಾಕು" ಎಂಬ ಸಾಲನ್ನು ಸೂಚನೆಗೆ ಸೇರಿಸಿದರೆ ಸ್ವಲ್ಪ ಉಪಯೋಗ ಇದೆ. ನನ್ನ ದೂರದ ಫೋಟೊದಲ್ಲಿ ಆಗ ಮೂರು ಕಡೆ ಚಿಹ್ನೆ ಬಂತು. ಗಾದೆಯ ಮೇಲೆ ಮಾತ್ರ ಬರಲಿಲ್ಲ. ಪರಿಚಿತ ಮಾತಿನಲ್ಲಿ ಊಹೆಗೂ ಓದಿಗೂ ಟೂಲಿಗೇ ವ್ಯತ್ಯಾಸ ಸಿಗದಿದ್ದರೆ ಚಿಹ್ನೆ ಎಲ್ಲಿಂದ ಬರಬೇಕು?

## ಅಂಕಿಗಳನ್ನು ಹಿಡಿಯುವುದು ಹೇಗೆ

ಗಾದೆಯನ್ನಾದರೂ ಬಲ್ಲವರು ಗುರುತಿಸುತ್ತಾರೆ. ಅಂಕಿಗೆ ರೂಢಿ ಎಂಬುದಿಲ್ಲ, ಮಸುಕಾದ ಜಾಗದಲ್ಲಿ ಯಾವ ಅಂಕಿ ಕೂತರೂ ನಡೆಯುತ್ತದೆ. ಆದ್ದರಿಂದ ಎರಡನೆಯ ಪರೀಕ್ಷಾ ಪುಟದಲ್ಲಿ ಒಂದು ಕಲ್ಪಿತ ಕೋಷ್ಟಕ ಮಾಡಿದೆ. ಒಂದು ತಿಂಗಳಲ್ಲಿ ಯಾವ ವಿಭಾಗದಿಂದ ಎಷ್ಟು ಪುಸ್ತಕ ಹೊರಗೆ ಹೋದವು ಎಂಬ ಲೆಕ್ಕ:

ಕಥೆ, ಕಾದಂಬರಿ – 386
ವಿಜ್ಞಾನ – 218
ಇತಿಹಾಸ – 173
ಅರ್ಥಶಾಸ್ತ್ರ – 139
ಜೀವನಚರಿತ್ರೆ – 95
ಒಟ್ಟು – 1011

ದೂರದ ಫೋಟೊದಿಂದ ಬಂದ ಪ್ರತಿಯಲ್ಲಿ ಮೊದಲ ಸಾಲು 336 ಎಂದಿತ್ತು. ಉಳಿದ ನಾಲ್ಕೂ ಸರಿ, ಒಟ್ಟು 1011 ಕೂಡ ಸರಿ. ಕೋಷ್ಟಕ ಅಚ್ಚುಕಟ್ಟಾಗಿತ್ತು, ಗೆರೆಗಳು ನೇರವಾಗಿದ್ದವು. ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಸಂಶಯವೇ ಬಾರದು.

ಕೂಡಿಸಿ ನೋಡಿದರೆ ಬರುತ್ತದೆ. 336, 218, 173, 139, 95 ಸೇರಿದರೆ 961. ಬರೆದಿರುವ ಒಟ್ಟು 1011. ವ್ಯತ್ಯಾಸ ಸರಿಯಾಗಿ 50. ಈ 50 ಎಂಬುದೇ ಸುಳಿವು ಕೊಡುತ್ತದೆ. ಒಂದೇ ಅಂಕಿ ತಪ್ಪಿದ್ದರೆ ಅದು ಹತ್ತರ ಸ್ಥಾನದಲ್ಲಿದೆ, ಐದು ಕಡಿಮೆಯಾಗಿದೆ. ಮಸುಕಿನಲ್ಲಿ ಐದು ಕಡಿಮೆಯಾಗಿ ಕಾಣಬಲ್ಲ ಜೋಡಿ ಯಾವುದೆಂದರೆ ಮೊದಲು ನೆನಪಾಗುವುದು 8 ಮತ್ತು 3. ಹತ್ತರ ಸ್ಥಾನದಲ್ಲಿ 3 ಇರುವ ಸಂಖ್ಯೆ ಎರಡು, 336 ಮತ್ತು 139. ಐದು ಸಂಖ್ಯೆಯನ್ನೂ ಪುಸ್ತಕದ ಜೊತೆ ಹೋಲಿಸುವ ಬದಲು ಎರಡನ್ನು ನೋಡಿದರೆ ಸಾಕಾಯಿತು. ಲೆಕ್ಕ ಬರೆಯುವವರಿಗೆ ಇನ್ನೊಂದು ಹಳೆಯ ಯುಕ್ತಿಯೂ ಗೊತ್ತು: ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆಯೇ ಎಂದು ನೋಡಬೇಕು. 173 ಹೋಗಿ 137 ಆದರೆ ವ್ಯತ್ಯಾಸ 36.

ಒಟ್ಟು ಕೊಡದ ಕೋಷ್ಟಕಕ್ಕೆ ಇದು ಒದಗುವುದಿಲ್ಲ. ಆಗ ನಾನು ಮಾಡುವುದು ಒಂದೇ ಪುಟವನ್ನು ಎರಡು ಸಲ, ಎರಡು ಬೇರೆ ಬೇರೆ ಹೊಸ ಸಂಭಾಷಣೆಗಳಲ್ಲಿ ಹಾಕುವುದು. ಎರಡು ಪ್ರತಿಗಳು ಎಲ್ಲಿ ಬೇರೆಯಾದವೋ ಅಲ್ಲಿ ಟೂಲಿಗೆ ಖಚಿತವಿರಲಿಲ್ಲ ಎಂದರ್ಥ, ಆ ಜಾಗಗಳನ್ನು ಮೊದಲು ಪುಸ್ತಕದಲ್ಲಿ ನೋಡುತ್ತೇನೆ. ಎರಡೂ ಒಂದೇ ರೀತಿ ಬಂದರೆ ಸರಿ ಎಂದು ಮಾತ್ರ ಹೇಳಲಾಗದು, ಒಂದೇ ತಪ್ಪನ್ನು ಎರಡು ಸಲ ಮಾಡಿರಬಹುದು. ಹೊಸ ಸಂಭಾಷಣೆ ಎಂಬುದನ್ನು ಮರೆಯಬಾರದು. ಅದೇ ಸಂಭಾಷಣೆಯಲ್ಲಿ ಮತ್ತೆ ಹಾಕಿದರೆ ಹಿಂದಿನ ಉತ್ತರವೂ ಟೂಲಿನ ಮುಂದೆಯೇ ಇರುತ್ತದೆ, ಅದನ್ನೇ ಮತ್ತೆ ಒಪ್ಪಿಸುವ ಸಂಭವ ಹೆಚ್ಚು. ಪಕ್ಕದವನ ಉತ್ತರಪತ್ರಿಕೆ ನೋಡುತ್ತಾ ಮರುಪರೀಕ್ಷೆ ಬರೆದ ಹಾಗೆ.

## ಕತ್ತರಿಸಿ ಹಾಕಿದರೆ ಕುಗ್ಗುವುದಿಲ್ಲ

ಪರಿಹಾರ ಅಚ್ಚರಿಯಾಗುವಷ್ಟು ಸರಳ. ಕುಗ್ಗಿಸುವ ಲೆಕ್ಕ ಇಡೀ ಚಿತ್ರದ ಅಳತೆಗೆ ಸಂಬಂಧಿಸಿದ್ದು, ಅಕ್ಷರದ ಗಾತ್ರಕ್ಕಲ್ಲ. ಮೇಜು, ಪೆನ್ನು, ಪಕ್ಕದ ಪುಟ ಇವೆಲ್ಲ ಅಕ್ಷರಗಳ ಪಾಲಿನ ಪಿಕ್ಸೆಲ್ಲನ್ನು ತಿಂದುಹಾಕುತ್ತವೆ.

ನಮ್ಮ ಉದಾಹರಣೆಗೆ ಮರಳೋಣ. ಸೆಂಟಿಮೀಟರಿಗೆ 111 ಪಿಕ್ಸೆಲ್ ಇದ್ದ ಆ ಮೂಲ ಫೋಟೊದಿಂದ, 12 ಸೆಂಟಿಮೀಟರ್ ಅಗಲದ ಕೋಷ್ಟಕವನ್ನಷ್ಟೇ ಕ್ರಾಪ್ ಮಾಡಿದರೆ ಸಿಗುವ ಚಿತ್ರದ ಅಗಲ ಸುಮಾರು 1330 ಪಿಕ್ಸೆಲ್. 1500ರ ಮಿತಿಯೊಳಗೇ ಇದೆ, ಟೂಲ್ ಅದನ್ನು ಕುಗ್ಗಿಸಬೇಕಾಗಿಲ್ಲ. ಅಕ್ಷರಕ್ಕೆ ಮೊದಲಿನ 22 ಪಿಕ್ಸೆಲ್ ಹಾಗೇ ಉಳಿಯಿತು. ಅದೇ ಫೋಟೊ, ಅದೇ ಫೋನು, ಅಂಚು ಕತ್ತರಿಸಿದ್ದು ಮಾತ್ರ ಹೊಸದು. ನನ್ನ ಪರೀಕ್ಷೆಯಲ್ಲಿ ಹೀಗೆ ಕತ್ತರಿಸಿದ ಚಿತ್ರದಿಂದ 386 ಸರಿಯಾಗಿ ಬಂತು.

ಕತ್ತರಿಸುವುದು ಕುಗ್ಗುವ ಮೊದಲು ಆಗಬೇಕು ಎಂಬುದೊಂದೇ ಷರತ್ತು. ಗುಂಪಿನಿಂದ ಇಳಿಸಿಕೊಂಡ 1600 ಪಿಕ್ಸೆಲ್ಲಿನ ಪ್ರತಿಯಿಂದ ಕೋಷ್ಟಕ ಕತ್ತರಿಸಿದರೆ ಕಳೆದುಹೋದ ಚುಕ್ಕೆಗಳು ಮರಳಿ ಬರುವುದಿಲ್ಲ. ಬೆರಳಿನಿಂದ ಹಿಗ್ಗಿಸಿ ಸ್ಕ್ರೀನ್‌ಶಾಟ್ ತೆಗೆದರೂ ಅಷ್ಟೇ, ಮಸುಕು ದೊಡ್ಡದಾಗುತ್ತದೆ. ಉದ್ದದ ಪುಟವಾದರೆ ಮೇಲರ್ಧ, ಕೆಳಗರ್ಧ ಎಂದು ಎರಡು ಚಿತ್ರ ಮಾಡಿ, ನಡುವೆ ಎರಡು ಸಾಲು ಎರಡರಲ್ಲೂ ಬರುವಂತೆ ಬಿಡುವುದು ಒಳ್ಳೆಯದು. ಜೋಡಿಸುವಾಗ ಸಾಲು ಬಿಟ್ಟುಹೋಗಿಲ್ಲ ಎಂದು ಅದರಿಂದ ಖಾತ್ರಿಯಾಗುತ್ತದೆ.

ಫೋಟೊ ಅಡ್ಡಬಿದ್ದಿದೆಯೇ ಎಂದೂ ಒಮ್ಮೆ ನೋಡಿ. ಎಷ್ಟೋ ಫೋನುಗಳು ಚಿತ್ರವನ್ನು ಮಲಗಿಸಿಯೇ ಉಳಿಸಿ, "ತೋರಿಸುವಾಗ ಎತ್ತಿ ನಿಲ್ಲಿಸು" ಎಂಬ ಟಿಪ್ಪಣಿಯನ್ನು ಜೊತೆಗೆ ಇಡುತ್ತವೆ. ನಮ್ಮ ಫೋನಿನ ಗ್ಯಾಲರಿ ಆ ಟಿಪ್ಪಣಿ ಓದುತ್ತದೆ, ಎಲ್ಲ ತಂತ್ರಾಂಶಗಳೂ ಓದುವುದಿಲ್ಲ. ಅಪ್‌ಲೋಡ್ ಆದ ಮೇಲೆ ಕಾಣುವ ಚಿಕ್ಕ ಚಿತ್ರ ಮಲಗಿದ್ದರೆ ತಿರುಗಿಸಿ ಉಳಿಸಿ ಮತ್ತೆ ಹಾಕಬೇಕು. ಕಡತದ ಹೆಸರು `.heic` ಎಂದು ಮುಗಿಯುವ ಫೋಟೊಗಳನ್ನು ಕೆಲವು ಟೂಲುಗಳು ತೆಗೆದುಕೊಳ್ಳುವುದೇ ಇಲ್ಲ, ಅವನ್ನು `.jpg` ಮಾಡಿಕೊಳ್ಳಬೇಕಾಗುತ್ತದೆ.

## ಫೋಟೊದ ಜೊತೆಗೆ ಇನ್ನೇನು ಹೋಗುತ್ತದೆ

ಮೇಲೆ ಹೇಳಿದ ಆ ಟಿಪ್ಪಣಿ ಒಂಟಿಯಲ್ಲ. ಫೋಟೊ ಕಡತದೊಳಗೆ ಎಕ್ಸಿಫ್ ಎಂಬ ಒಂದು ಭಾಗ ಇರುತ್ತದೆ. ಫೋಟೊ ತೆಗೆದ ದಿನ, ಗಂಟೆ, ಫೋನಿನ ಮಾದರಿ ಅದರಲ್ಲಿ ದಾಖಲಾಗುತ್ತವೆ. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ನೀವು ನಿಂತಿದ್ದ ಜಾಗದ ಅಕ್ಷಾಂಶ ರೇಖಾಂಶವೂ ಸೇರುತ್ತದೆ. ಪರದೆಯ ಮೇಲೆ ಇದ್ಯಾವುದೂ ಕಾಣದು.

ಇಲ್ಲೊಂದು ತಮಾಷೆ ಇದೆ. ಫೋಟೊ ಎಂದು ವಾಟ್ಸಾಪಿನಲ್ಲಿ ಕಳಿಸಿದಾಗ ಅಕ್ಷರ ಸವೆಯುತ್ತದೆ, ಆದರೆ ಜಾಗದ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದಾಗ ಅಕ್ಷರ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಹಾಗಾಗಿ ಅಕ್ಷರ ಉಳಿಸಿಕೊಳ್ಳಲು ಹೊರಟವರು ಮೊದಲು ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಲೊಕೇಶನ್ ಆಫ್ ಮಾಡಿಬಿಡುವುದು ಲೇಸು. ಆಮೇಲೆ ತೆಗೆದ ಫೋಟೊಗಳಲ್ಲಿ ಅದು ಸೇರುವುದಿಲ್ಲ, ಹಿಂದೆ ತೆಗೆದವುಗಳಲ್ಲಿ ಇದ್ದೇ ಇರುತ್ತದೆ.

ಗ್ರಂಥಪಾಲಕನಾಗಿ ನನಗೆ ಹೆಚ್ಚು ಆತಂಕ ತಂದದ್ದು ಕಡತದೊಳಗಿನದ್ದಕ್ಕಿಂತ ಫೋಟೊದ ಅಂಚಿನಲ್ಲಿ ಕಾಣುವುದು. ನನ್ನದೇ ದೂರದ ಫೋಟೊವನ್ನು ಆಮೇಲೆ ಹಿಗ್ಗಿಸಿ ನೋಡಿದಾಗ, ಮೇಜಿನ ಮೂಲೆಯಲ್ಲಿ ಪುಸ್ತಕ ಎರವಲು ವಹಿ ಬಿಡಿಸಿಕೊಂಡಿತ್ತು. ನಾಲ್ಕು ಓದುಗರ ಹೆಸರು, ಅವರು ಒಯ್ದ ಪುಸ್ತಕದ ಹೆಸರು ಸ್ಪಷ್ಟವಾಗಿ ಓದಬಹುದಿತ್ತು. ಯಾರು ಏನು ಓದುತ್ತಾರೆ ಎಂಬುದನ್ನು ಹೊರಗೆ ಹೇಳಬಾರದು ಎಂದು ಉಳಿದವರಿಗೆ ಪಾಠ ಹೇಳುವವನು ನಾನೇ. ಆ ಸಂಭಾಷಣೆಯನ್ನು ತಕ್ಷಣ ಅಳಿಸಿದೆ. ಆದರೆ ನಮ್ಮ ಪರದೆಯಿಂದ ಅಳಿಸಿದ ಮಾತ್ರಕ್ಕೆ ಆಚೆ ಕಡೆಯ ಕಂಪ್ಯೂಟರಿನಿಂದ ಅದೇ ಕ್ಷಣ ಅಳಿಯಿತು ಎಂದಲ್ಲ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಟೂಲಿಗೆ ಇನ್ನಷ್ಟು ಕಲಿಸಲು ಬಳಸುತ್ತಾರೆಯೇ ಎಂಬುದು ಆಯಾ ಸೇವೆಯ ನಿಯಮಕ್ಕೆ ಬಿಟ್ಟದ್ದು. ಕಲಿಕೆಗೆ ಬಳಸಬೇಡಿ ಎನ್ನುವ ಆಯ್ಕೆ ಹಲವು ಟೂಲುಗಳ ಸೆಟ್ಟಿಂಗಿನಲ್ಲಿ ಇರುತ್ತದೆ, ಅದನ್ನು ಫೋಟೊ ಹಾಕುವ ಮೊದಲೇ ಹುಡುಕಬೇಕು. ಕ್ರಾಪ್ ಮಾಡುವ ಅಭ್ಯಾಸ ಇಲ್ಲೂ ಕೈಹಿಡಿಯುತ್ತದೆ. ಕೋಷ್ಟಕವಷ್ಟೇ ಹೋದರೆ ವಹಿ ಹೋಗುವುದಿಲ್ಲ.

## ನಾನು ಬರೆದ ಉತ್ತರ

ಉಪನ್ಯಾಸಕಿಯವರಿಗೆ ಒಪ್ಪಿಗೆ ತಿಳಿಸಿ ಉತ್ತರ ಬರೆದಿದ್ದೇನೆ. ಅದರ ಕೊನೆಯ ಭಾಗ:

> ಮೇಡಂ, ಪ್ರಾತ್ಯಕ್ಷಿಕೆಗೆ ಗ್ರಂಥಾಲಯದ ಪ್ರೊಜೆಕ್ಟರ್ ಮತ್ತು ಒಂದು ಲ್ಯಾಪ್‌ಟಾಪ್ ಸಾಕು. ವಿದ್ಯಾರ್ಥಿಗಳು ಸ್ವಂತ ಖಾತೆ ತೆರೆಯಬೇಕಿಲ್ಲ, ಎಲ್ಲವನ್ನೂ ಒಂದೇ ಖಾತೆಯಿಂದ ಪರದೆಯ ಮೇಲೆ ಮಾಡೋಣ. ಬೇರೆಯವರ ಹಕ್ಕಿನ ಪುಸ್ತಕದ ಪುಟ ಹಾಕುವುದು ಬೇಡ, ನಾನು ಟೈಪ್ ಮಾಡಿದ ಎರಡು ಪುಟಗಳಿವೆ. ಮೊದಲ ಇಪ್ಪತ್ತು ನಿಮಿಷ ಅವರೇ ತಮಗೆ ತೋಚಿದಂತೆ ಫೋಟೊ ತೆಗೆಯಲಿ, ನಾಲ್ಕೈದನ್ನು ಆರಿಸಿ ಹೊಸ ಹೊಸ ಸಂಭಾಷಣೆಗಳಲ್ಲಿ ಹಾಕೋಣ. ಆಮೇಲೆ ಅದೇ ಫೋಟೊಗಳನ್ನು ಕತ್ತರಿಸಿ ಮತ್ತೆ ಹಾಕೋಣ. ಉಳಿದ ಸಮಯ ಕೂಡಿಸಿ ನೋಡುವುದಕ್ಕೆ, ಆ ಭಾಗ ನಿಮ್ಮದು. ನಿಮ್ಮಲ್ಲಿರುವ ನಾಲ್ಕು ಬಗೆಯ ಕೋಷ್ಟಕಗಳನ್ನು, ಹೆಸರು ಮರೆಮಾಡಿ, ತಂದರೆ ಪುಸ್ತಕದ ಜೊತೆ ಅವನ್ನೂ ಹೋಲಿಸಬಹುದು. ಮೊದಲ ಪುಟದಲ್ಲಿ ಒಂದು ಗಾದೆ ಮತ್ತು ಒಬ್ಬ ಸೂರ್ಯ ಇದ್ದಾರೆ, ಅವರ ವಿಷಯ ವಿದ್ಯಾರ್ಥಿಗಳಿಗೆ ಮೊದಲೇ ಹೇಳಬೇಡಿ.